ರಿಪೋರ್ಟು ನಾರ್ಮಲ್ ಆದ ಮಾತ್ರಕ್ಕೆ ತಲೆಸುತ್ತು ಸುಳ್ಳಾಗದು

ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ಆಕೆ ನನ್ನ ಮೇಜಿನ ಮೇಲಿಟ್ಟರು. 14 ತಿಂಗಳ ಓಡಾಟವೆಲ್ಲ ಅದರೊಳಗಿತ್ತು. ತಲೆಯ ಸ್ಕ್ಯಾನು, ಕತ್ತಿನ ಎರಡು ಎಕ್ಸ್-ರೇ, ಮೂರು ಇಸಿಜಿ, ಕಿವಿಯ ಪರೀಕ್ಷೆ, ಕನ್ನಡಕದ ಎರಡು ಚೀಟಿ, ರಕ್ತದ ರಿಪೋರ್ಟುಗಳ ಒಂದು ಕಂತೆ. ತಿಪಟೂರು ಕಡೆಯವರು, ವಯಸ್ಸು 36, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಒಂದು ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಕಾಲ ಕೆಳಗಿನ ನೆಲ ತೇಲಿದ ಹಾಗಾಯಿತಂತೆ. ಕಿವಿ ಗುಂಯ್ ಎಂದಿತು, ಎದುರು ಸೀಟಿನವರ ಮುಖ ಮಂಜಾಯಿತು, ಬೆರಳುಗಳು ಜುಮ್ಮೆಂದವು, ಇನ್ನೇನು ಜೀವ ಹೋಗುತ್ತದೆ ಅನ್ನಿಸಿತು. ಇಳಿದು ಸ್ಟಾಪಿನಲ್ಲಿ ಕೂತರು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ, ಮೂರು ಸಲ.

"ಎಲ್ಲಾ ನಾರ್ಮಲ್ ಐತೆ, ಏನೂ ಇಲ್ಲ ಹೋಗಮ್ಮ ಅಂತಾರೆ ಸಾರ್. ಏನೂ ಇಲ್ದೆ ಇದ್ರೆ ನಂಗ್ಯಾಕೆ ಹಿಂಗಾಗುತ್ತೆ? ನಾನೇನು ನಾಟಕ ಆಡ್ತಿದೀನಾ?"

ಈ ಪ್ರಶ್ನೆಗೆ ಉತ್ತರ ಕೊಡದೆ ಆಕೆಯನ್ನು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಅಟ್ಟಿದ ನಂಬಿಕೆಯೊಂದಿದೆ. ಅದು ಡಾಕ್ಟರರಲ್ಲೂ ಇದೆ, ಮನೆಯವರಲ್ಲೂ ಇದೆ, ಕಾಯಿಲೆಯವರಲ್ಲೂ ಇದೆ. ತಲೆಸುತ್ತು ನಿಜವಾಗಿದ್ದರೆ ಮಿದುಳಲ್ಲೋ ಕತ್ತಲ್ಲೋ ಕಿವಿಯಲ್ಲೋ ಏನಾದರೂ ಕೆಟ್ಟಿರಲೇಬೇಕು, ಏನೂ ಕೆಟ್ಟಿಲ್ಲವೆಂದರೆ ತಲೆಸುತ್ತೇ ಸುಳ್ಳು, ಬರೀ ಟೆನ್ಷನ್ನು, ಮನಸ್ಸಿನ ಭ್ರಮೆ ಎನ್ನುವ ನಂಬಿಕೆ ಅದು. ಇದು ತಪ್ಪು. ತಪ್ಪಷ್ಟೇ ಅಲ್ಲ, ಇದರಿಂದ ಜನಕ್ಕೆ ಹಾನಿಯಾಗುತ್ತಿದೆ. ಹಲವು ವರ್ಷ ನಾನೂ ಇದೇ ನಂಬಿಕೆಯಲ್ಲಿ ಚೀಟಿ ಬರೆದಿದ್ದೇನೆ, ಅದಕ್ಕಾಗಿಯೇ ಈಗ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಗಾಬರಿಯಾದಾಗ ಮೈಯಲ್ಲಿ ನಡೆಯುವುದೇನು? ಉಸಿರು ಜೋರಾಗುತ್ತದೆ. ಹಲವರಿಗೆ ಅದು ಗೊತ್ತೇ ಆಗುವುದಿಲ್ಲ. ಏದುಸಿರು ಬಿಡಬೇಕೆಂದೇನೂ ಇಲ್ಲ, ಮೇಲಿಂದ ಮೇಲೆ ನಿಟ್ಟುಸಿರು, ಆಕಳಿಕೆ, ಎದೆಯ ಮೇಲ್ಭಾಗದಲ್ಲೇ ನಡೆಯುವ ಚುರುಕು ಉಸಿರು ಇದ್ದರೂ ಸಾಕು. ಆಗ ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 40 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರಬೇಕು. ಮಿದುಳಿನ ರಕ್ತನಾಳಗಳು ಹಿಗ್ಗುವುದು ಕುಗ್ಗುವುದು ಬಹುಮಟ್ಟಿಗೆ ಈ ಅನಿಲದ ಲೆಕ್ಕದಲ್ಲಿ. ಅದು ಒಂದು ಮಿಲಿಮೀಟರ್ ಇಳಿದರೆ ಮಿದುಳಿಗೆ ಹರಿಯುವ ರಕ್ತ ಶೇ 2ರಿಂದ 4ರಷ್ಟು ಇಳಿಯುತ್ತದೆ. ಒಂದೆರಡು ನಿಮಿಷದ ಜೋರು ಉಸಿರಿನಲ್ಲಿ 40 ಇದ್ದದ್ದು 25ಕ್ಕೆ ಬಂತು ಅನ್ನಿ, ಆಗ ಮಿದುಳಿನ ರಕ್ತದ ಹರಿವಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಡಿಮೆಯಾಗಿರುತ್ತದೆ. ಆರೋಗ್ಯವಂತರಲ್ಲಿ ಇದರಿಂದ ಮಿದುಳಿಗೆ ಪೆಟ್ಟೇನೂ ಆಗದು, ಉಸಿರು ಸಮಕ್ಕೆ ಬಂದ ಕೆಲ ನಿಮಿಷಗಳಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಆದರೆ ಆ ಹೊತ್ತಿನಲ್ಲಿ ತಲೆ ಹಗುರಾಗುವುದು, ತೇಲುವುದು, ಕಣ್ಣಿಗೆ ಮಂಜು ಕವಿಯುವುದು ಭ್ರಮೆಯೇ? ರಕ್ತದ ಹರಿವು ನಿಜವಾಗಿ ಇಳಿದಿರುವಾಗ ಅದನ್ನು ಅನುಭವಿಸಿದವರನ್ನು ನಾಟಕದವರು ಎನ್ನಲು ನಮಗೆ ಬಾಯಾದರೂ ಹೇಗೆ ಬರುತ್ತದೆ?

ಅದೇ ಕಾರಣಕ್ಕೆ ರಕ್ತ ತುಸು ಕ್ಷಾರವಾಗುತ್ತದೆ, ಅದರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಇಳಿಯುತ್ತದೆ, ಬೆರಳು ಮತ್ತು ತುಟಿಯ ಸುತ್ತ ಜುಮುಜುಮು ಎನ್ನುತ್ತದೆ. ಕಣ್ಣಿನ ಮಾತು ಬೇರೆ ಇದೆ. ಹೆದರಿಕೆಯಲ್ಲಿ ಪಾಪೆ ಅಗಲವಾಗುತ್ತದೆ. ಬೆಳಕು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಲಸಿಹೋಗುತ್ತದೆ. ಇದು ಎರಡೂ ಕಣ್ಣಿಗೆ ಒಟ್ಟಿಗೆ ಆಗುತ್ತದೆ, ಗಾಬರಿ ಇಳಿದಂತೆ ತಿಳಿಯಾಗುತ್ತದೆ. ಕನ್ನಡಕದ ನಂಬರಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಆ ಕವರಿನಲ್ಲಿ ಎರಡು ಹೊಸ ಕನ್ನಡಕದ ಚೀಟಿಗಳಿದ್ದವು.

ಇನ್ನು ಕಿವಿ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು, ಕಿವಿ ಚೆನ್ನಾಗಿ ಕೇಳಿಸುವ 80 ಜನರನ್ನು ಒಬ್ಬೊಬ್ಬರನ್ನಾಗಿ ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ಏನು ಕೇಳಿಸಿತು ಎಂದು ಕೇಳಿದಾಗ ಶೇ 94ರಷ್ಟು ಜನ ಗುಂಯ್, ಶುಂಯ್, ಸಿಳ್ಳೆಯಂಥ ಯಾವುದೋ ಸದ್ದು ಹೇಳಿದರು. ಅಂದರೆ ಸಣ್ಣ ಸದ್ದೊಂದು ಹೆಚ್ಚುಕಡಿಮೆ ನಮ್ಮೆಲ್ಲರೊಳಗೂ ಇದೆ, ಮಿದುಳು ಅದನ್ನು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಕಾಡಿನಲ್ಲಿ ಹೆದರಿ ನಿಂತವನಿಗೆ ಎಲೆ ಅಲುಗಿದ್ದೂ ಕೇಳಿಸುತ್ತದಲ್ಲ, ಗಾಬರಿಯ ಮಿದುಳು ಹಾಗೆಯೇ ತನ್ನ ಕಿವಿಯ ದನಿಯನ್ನು ಏರಿಸಿಕೊಳ್ಳುತ್ತದೆ. ಹಲ್ಲು ಕಚ್ಚಿ ದವಡೆ ಬಿಗಿಹಿಡಿದರೆ ಸದ್ದು ಇನ್ನಷ್ಟು ಹೆಚ್ಚುವುದುಂಟು. ಅದನ್ನು ಕೇಳಿ ಮತ್ತೆ ಹೆದರಿಕೆ, ಹೆದರಿಕೆಗೆ ಮತ್ತೆ ಸದ್ದು.

ಇಷ್ಟೆಲ್ಲ ವೈದ್ಯ ಪುಸ್ತಕಗಳಲ್ಲಿ ಎಂದೋ ಬಂದಾಗಿದೆ. ನಮ್ಮ ಓಪಿಡಿಗಳಲ್ಲಿ ನಡೆಯುವುದೇ ಬೇರೆ.

ಮೊದಲು ಬರುವುದು ಗ್ಲೂಕೋಸ್ ಬಾಟಲಿ. ತಲೆಸುತ್ತಿ ಬಂದವರನ್ನು ಮಲಗಿಸಿ, "ನಿಶ್ಶಕ್ತಿ, ಬಿಪಿ ಲೋ ಆಗಿದೆ" ಎಂದು ಡ್ರಿಪ್ ಹಾಕುವುದು ನಮ್ಮ ಊರುಗಳಲ್ಲಿ ಚಿಕಿತ್ಸೆಯೇ ಆಗಿಬಿಟ್ಟಿದೆ. ಹಾಕದಿದ್ದರೆ ಡಾಕ್ಟರು ಸರಿಯಿಲ್ಲ ಎನ್ನುವವರೂ ಇದ್ದಾರೆ. ಶೇ 5ರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಆರು ಚಮಚ. ಎರಡು ಲೋಟ ಪಾನಕ ಕುಡಿದರೆ ಮುಗಿಯುವ ಸಂಗತಿಗೆ ನರ ಚುಚ್ಚಬೇಕೆ? ಬಿಪಿಯ ಮಾತೂ ಅಷ್ಟೇ. ಗಾಬರಿಯಲ್ಲಿ ಬಿಪಿ ಸಾಮಾನ್ಯವಾಗಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆಕೆಯ ಒಂದು ಚೀಟಿಯಲ್ಲಿ, ಅಟ್ಯಾಕ್ ಬಂದ ಹೊತ್ತಿನಲ್ಲೇ ಅಳೆದ ಬಿಪಿ 138/88 ಎಂದಿತ್ತು. ಅದರ ಕೆಳಗೇ ಡ್ರಿಪ್ ಬರೆದಿತ್ತು. ಮನೆಯಲ್ಲಿ ಅತ್ತೆ ದಿನಾ ಉಪ್ಪು ಹಾಕಿದ ನಿಂಬೆರಸ ಕುಡಿಸುತ್ತಿದ್ದರು, ಲೋ ಬಿಪಿ ಎಂದು.

ಡ್ರಿಪ್ ಹಾಕಿದ ಮೇಲೆ ಗುಣವಾಗುತ್ತದಲ್ಲ ಎಂದು ಕೇಳುವಿರಿ. ಆಗುತ್ತದೆ. ಇಂಥ ಗಾಬರಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯ ಹೊತ್ತಿಗೆ ಬಹಳಷ್ಟು ತಾನಾಗಿ ಇಳಿದಿರುತ್ತದೆ. ಬಾಟಲಿ ಖಾಲಿಯಾಗಲು ಒಂದು ಗಂಟೆಗಿಂತ ಹೆಚ್ಚು ಬೇಕು. ಫ್ಯಾನಿನ ಕೆಳಗೆ ಮಲಗಿ, ಪಕ್ಕದಲ್ಲಿ ನರ್ಸಮ್ಮ ಇರುವ ಧೈರ್ಯದಲ್ಲಿ ಉಸಿರು ಸಮಕ್ಕೆ ಬರುತ್ತದೆ. ಹೆಸರು ಮಾತ್ರ ಬಾಟಲಿಗೆ ಹೋಗುತ್ತದೆ. ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಮೊದಲ ಸಲ ತಾನಾಗಿಯೇ ಸರಿಹೋದ ಹೆಂಗಸು, ನಾಲ್ಕು ಡ್ರಿಪ್ ಆದ ಮೇಲೆ ಬಾಟಲಿಯಿಲ್ಲದೆ ತಾನು ಬದುಕುವುದಿಲ್ಲ ಎಂದು ಕಲಿತಿದ್ದರು. ಹೀಗೆ ಕಲಿಸಿದವರು ನಾವೇ.

ಎರಡನೆಯದು ಕತ್ತು. ತಲೆಸುತ್ತು ಎಂದ ಕೂಡಲೇ ಕತ್ತಿನ ಎಕ್ಸ್-ರೇ, ಎಕ್ಸ್-ರೇ ಬಂದ ಕೂಡಲೇ "ಮೂಳೆ ಸವೆದಿದೆ" ಎಂಬ ತೀರ್ಪು, ತೀರ್ಪಿನ ಹಿಂದೆಯೇ ಕತ್ತಿಗೆ ಪಟ್ಟಿ. ನಡುವಯಸ್ಸು ದಾಟಿದವರನ್ನು, ತಲೆಸುತ್ತು ಇರಲಿ ಇಲ್ಲದಿರಲಿ, ಸಾಲಾಗಿ ನಿಲ್ಲಿಸಿ ಎಕ್ಸ್-ರೇ ತೆಗೆದರೆ ಎಷ್ಟೋ ಜನರ ಕತ್ತಿನಲ್ಲಿ ಸವೆತ ಕಾಣುತ್ತದೆ. ಕೂದಲು ನರೆತಂತೆ ಅದೂ ಒಂದು. ತಲೆನೋವು ಬಂದವನ ನರೆಗೂದಲು ನೋಡಿ ಅದೇ ಕಾರಣ ಎಂದರೆ ಒಪ್ಪುತ್ತೀರಾ? ಮತ್ತೆ ಕತ್ತಿನ ವಿಷಯದಲ್ಲಿ ಏಕೆ ಒಪ್ಪುತ್ತೀರಿ? ಪಟ್ಟಿ ಕಟ್ಟಿಕೊಂಡವರು ತಲೆ ಅಲುಗಿಸುವುದನ್ನೇ ಬಿಡುತ್ತಾರೆ, ತಲೆ ಅಲುಗಿಸದೆ ಇದ್ದರೆ ಸಮತೋಲನದ ಅಂಗಕ್ಕೆ ಅಭ್ಯಾಸ ತಪ್ಪುತ್ತದೆ, ಆಮೇಲೆ ಸ್ವಲ್ಪ ಅಲುಗಿದರೂ ಸುತ್ತು. ಇಲ್ಲದ ರೋಗಕ್ಕೆ ಕಟ್ಟಿದ ಪಟ್ಟಿ ಇರುವ ತೊಂದರೆಯನ್ನು ಬೆಳೆಸುತ್ತದೆ.

ಮೂರನೆಯದು ಮಾತ್ರೆ, ಇದರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ. ತಲೆಸುತ್ತಿನ ಮಾತ್ರೆ ಎಂದು ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಇವು ಒಳಕಿವಿ ಕೆಟ್ಟು ಎಲ್ಲವೂ ಗಿರಗಿರ ತಿರುಗಿ ವಾಂತಿಯಾಗುವಾಗ ಎರಡು ಮೂರು ದಿನಕ್ಕೆ ಒಳ್ಳೆಯವು. ತಿಂಗಳುಗಟ್ಟಲೆ ನುಂಗುವುದಕ್ಕಲ್ಲ. ಬಹುಕಾಲ ನುಂಗಿದರೆ, ವಯಸ್ಸಾದವರಲ್ಲಂತೂ, ಕೈ ನಡುಗಿ, ನಡಿಗೆ ಕುಂಟಿ, ಮುಖ ಕಲ್ಲಾಗಿ ಪಾರ್ಕಿನ್ಸನ್ ಕಾಯಿಲೆಯ ತದ್ರೂಪವೇ ಬರಬಹುದು. ಅದನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೊಂದು ಮಾತ್ರೆ ಶುರುವಾದದ್ದನ್ನೂ ನೋಡಿದ್ದೇನೆ. ಗಾಬರಿ ಕಳೆಯಲೆಂದು ಆಲ್ಪ್ರಜೊಲಾಮ್ ಬರೆದು, ನಿಲ್ಲಿಸುವ ದಿನ ಬರೆಯದೆ ಕಳಿಸುವುದೂ ಇದೇ ಸಾಲಿನದು. ಕೆಲವೇ ವಾರಗಳಲ್ಲಿ ಅದು ಅಂಟಿಕೊಳ್ಳುತ್ತದೆ, ತಟ್ಟನೆ ಬಿಟ್ಟರೆ ಮೊದಲಿಗಿಂತ ಹೆಚ್ಚು ಗಾಬರಿ, ಹೆಚ್ಚು ಸುತ್ತು.

ಇದರ ಜೊತೆಗೆ ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಒಂದು ತಪ್ಪು ಇದೆ. ಗಾಬರಿಯಲ್ಲಿರುವವರ ಬೆನ್ನು ಸವರುತ್ತ ಮನೆಯವರು "ಜೋರಾಗಿ ಉಸಿರು ಎಳ್ಕೊ, ಇನ್ನೂ ಎಳ್ಕೊ" ಎನ್ನುತ್ತಾರೆ. ಉಸಿರು ಹೆಚ್ಚಾಗಿಯೇ ಈ ಫಜೀತಿ ಆಗಿರುವಾಗ ಇನ್ನಷ್ಟು ಎಳೆದರೆ ಏನಾಗಬೇಕು? ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಗಲೂ 98, 99 ಎಂದೇ ತೋರಿಸುತ್ತಿರುತ್ತದೆ. ಕಡಿಮೆಯಾಗಿರುವುದು ಆಮ್ಲಜನಕ ಅಲ್ಲವೇ ಅಲ್ಲ. ಹೇಳಬೇಕಾದ್ದು "ನಿಧಾನಕ್ಕೆ ಬಿಡು" ಎಂದು. ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ಹೊಟ್ಟೆ ಮಾತ್ರ ಅಲುಗುವ ಹಾಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ, ಅಷ್ಟು ಸಾಕು. ಮೂಗು ಬಾಯಿಗೆ ಕವರು ಹಿಡಿಯುವ ಹಳೆಯ ಉಪಾಯ ಬೇಡ. ಗಾಬರಿಯೆಂದು ತಿಳಿದದ್ದು ಹೃದಯದ ತೊಂದರೆಯೋ ಆಸ್ತಮಾವೋ ಆಗಿದ್ದರೆ ಆ ಕವರು ಜೀವಕ್ಕೆ ಮುಳುವಾಗಬಹುದು.

ಆಕೆಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಮಂಚದ ಮೇಲೆ ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ತಲೆ ಅಂಚಿಗಿಂತ ತುಸು ಕೆಳಗೆ ಬರುವಂತೆ ಬೇಗನೆ ಮಲಗಿಸಿ ಕಣ್ಣು ನೋಡಿದೆ, ಆಮೇಲೆ ಇನ್ನೊಂದು ಪಕ್ಕ. ಇದು ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ಮುಗಿಯುವ ಗಿರಗಿರ ಸುತ್ತು ಇದ್ದರೆ, ಒಳಕಿವಿಯ ಹರಳು ಜಾರಿದೆ ಎಂದು ಇದರಲ್ಲಿ ಗೊತ್ತಾಗುತ್ತದೆ. ಅದಕ್ಕೆ ಎಪ್ಲಿ ವಿಧಾನದಲ್ಲಿ ತಲೆ ಹೊರಳಿಸಿದರೆ ಅನೇಕರಿಗೆ ಅದೇ ದಿನ ಗುಣ. ಆಕೆಯ ಕಣ್ಣು ಅಲುಗಲಿಲ್ಲ. ಮಲಗಿದಾಗ ಮತ್ತು ಎದ್ದು ನಿಂತ ಮೂರು ನಿಮಿಷಕ್ಕೆ ಬಿಪಿ ಅಳೆದೆ, ಇಳಿಯಲಿಲ್ಲ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ರಿಪೋರ್ಟು ಸರಿಯಿದ್ದವು. ಆಮೇಲೆ, ಹೃದಯರೋಗ, ಫಿಟ್ಸ್, ಬಸಿರು ಯಾವುದೂ ಇಲ್ಲವೆಂದು ಖಚಿತ ಮಾಡಿಕೊಂಡು, "ನನ್ನ ಜೊತೆ ಒಂದು ನಿಮಿಷ ಜೋರಾಗಿ ಉಸಿರಾಡಿ ತಾಯಿ" ಎಂದೆ.

40 ಸೆಕೆಂಡ್ ಆಗಿರಬೇಕು. ಆಕೆ ಮೇಜಿನ ಅಂಚು ಹಿಡಿದರು.

"ಇದೇ ಸಾರ್. ಬಸ್ಸಲ್ಲಿ ಆಗಿದ್ದು ಇದೇ."

ಕೈ ನೋಡಿಕೊಂಡರು, ಬೆರಳು ಜುಮ್ಮೆನ್ನುತ್ತಿತ್ತು. ಗೋಡೆಯ ಕ್ಯಾಲೆಂಡರಿನ ತಾರೀಕು ಮಂಜಾಗಿತ್ತು. ನಿಧಾನಕ್ಕೆ ಬಿಡುವುದನ್ನು ಹೇಳಿಕೊಟ್ಟೆ, ಮೂರು ನಿಮಿಷದಲ್ಲಿ ತಾರೀಕು ಓದಿದರು. 14 ತಿಂಗಳಲ್ಲಿ ಮೊದಲ ಸಲ ತಮ್ಮ ತಲೆಸುತ್ತನ್ನು ತಾವೇ ಬರಿಸಿಕೊಂಡು ತಾವೇ ಕಳೆದುಕೊಂಡಿದ್ದರು. ಈ ಜೋರುಸಿರಿನಿಂದ ರೋಗನಿರ್ಣಯ ಆಗುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಯಾರೇ ಜೋರಾಗಿ ಉಸಿರಾಡಿದರೂ ತಲೆ ಸುತ್ತುತ್ತದೆ. ರೋಗ ಯಾವುದೆಂದು ತಿಳಿಯುವುದು ಕೇಳಿದ ಕಥೆಯಿಂದ, ಮಾಡಿದ ಪರೀಕ್ಷೆಗಳಿಂದ. ಆದರೆ ತಲೆಸುತ್ತು ನಿಜ, ಅದಕ್ಕೆ ಕಾರಣವಿದೆ, ಆ ಕಾರಣ ಮಿದುಳಿನ ಗಡ್ಡೆಯಲ್ಲ ಎಂಬುದನ್ನು ಕಾಯಿಲೆಯವರು ತಮ್ಮ ಮೈಯಲ್ಲೇ ಕಂಡುಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಎಲ್ಲವೂ ಉಸಿರಿನಿಂದಲೇ ಎಂದೂ ಅಲ್ಲ. ಆಕೆಗೆ ಅಟ್ಯಾಕ್ ಇಲ್ಲದ ದಿನವೂ ಸಣ್ಣಗೆ ತೂರಾಡುವ ಭಾವ ಇತ್ತು, ಸಂತೆಯಲ್ಲಿ, ಜನ ಓಡಾಡುವ ಕಡೆ ಹೆಚ್ಚು. ಹೆದರಿದವರು ಮಂಜುಗಡ್ಡೆಯ ಮೇಲೆ ನಡೆದಂತೆ ಕಾಲು ಬಿಗಿಹಿಡಿದು, ನೆಲ ನೋಡಿಕೊಂಡು ನಡೆಯುತ್ತಾರೆ. ಸಮತೋಲನವನ್ನು ಕಾಲಿಗೂ ಒಳಕಿವಿಗೂ ಬಿಡದೆ ಕಣ್ಣಿಗೇ ಒಪ್ಪಿಸುತ್ತಾರೆ, ಹಾಗಾಗಿ ಕಣ್ಣೆದುರು ಏನು ಚಲಿಸಿದರೂ ತಾವೇ ಚಲಿಸಿದಂತೆ. ಮೂರು ತಿಂಗಳು ಮೀರಿ ಹೀಗೇ ಉಳಿದರೆ ಅದಕ್ಕೊಂದು ಹೆಸರೂ ಇದೆ, ಸಮತೋಲನದ ತಜ್ಞರ ಬಾರಾನಿ ಸೊಸೈಟಿ 2017ರಲ್ಲಿ ಅದರ ಲಕ್ಷಣಗಳನ್ನು ಕ್ರಮವಾಗಿ ಬರೆದಿಟ್ಟಿದೆ. ಇದಕ್ಕೆ ಮದ್ದು ತಲೆ ಅಲುಗಿಸುವುದು, ಸಂತೆಗೆ ಹೋಗುವುದು. ಆಕೆ ದಿನಕ್ಕೆ ಎರಡು ಹೊತ್ತು, ಎದುರಿಗೆ ನೇತುಹಾಕಿದ ಪಟ್ಟೆ ಸೀರೆ ನೋಡುತ್ತ ತಲೆ ಎಡಬಲ ತಿರುಗಿಸಿದರು. ಮೊದಲ ವಾರ ಒಂದು ಸ್ಟಾಪಿನವರೆಗೆ ಬಸ್ಸು, ಮುಂದಿನ ವಾರ ಎರಡು. ಜೊತೆಗೆ ಮನೋವೈದ್ಯರು ಬರೆದ ಮಾತ್ರೆ, ಸಣ್ಣ ಪ್ರಮಾಣದಿಂದ. ಅದು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು, ಮೊದಲ ವಾರ ಗಾಬರಿ ತುಸು ಹೆಚ್ಚಬಹುದು ಎಂದು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಐದನೇ ತಿಂಗಳಿಗೆ ಕೆಲಸಕ್ಕೆ ಮರಳಿದರು. ರಾತ್ರಿ ಮಲಗಿದಾಗ ಕಿವಿ ಈಗಲೂ ಗುಂಯ್ ಎನ್ನುತ್ತದೆ. "ಅನ್ಲಿ ಬಿಡಿ ಸಾರ್" ಎನ್ನುತ್ತಾರೆ.

"ಬರೀ ಟೆನ್ಷನ್ನು" ಎನ್ನುವವರ ಮೇಲೆ ನನ್ನ ಕೊನೆಯ ಆರೋಪ ಬಾಕಿ ಇದೆ. ಅವರು ಗಾಬರಿಯವರನ್ನು ಅವಮಾನಿಸುವುದು ಸಾಲದೆಂಬಂತೆ, ನಿಜವಾದ ಅಪಾಯವನ್ನೂ ಅದೇ ಮಾತಿನಲ್ಲಿ ಮುಚ್ಚಿಹಾಕುತ್ತಾರೆ. ಹೆಂಗಸರಿಗಂತೂ ಈ ಮಾತು ಪರೀಕ್ಷೆಗೂ ಮೊದಲೇ ಸಿದ್ಧವಾಗಿರುತ್ತದೆ. ಒಂದೇ ಕಿವಿ ದಿಢೀರನೆ ಮಂದವಾಗಿ ಗುಂಯ್‌ಗುಟ್ಟಿದರೆ ಅದು ಟೆನ್ಷನ್ ಅಲ್ಲ. ದಿನಗಳೊಳಗೆ ಸ್ಟೀರಾಯ್ಡ್ ಸಿಕ್ಕರೆ ಕಿವಿ ಉಳಿಯುವ ಅವಕಾಶ ಹೆಚ್ಚು, ವಾರಗಳು ಕಳೆದ ಮೇಲೆ ಬಂದರೆ ಪ್ರಯೋಜನ ಕಡಿಮೆ. ಒಂದೇ ಕಣ್ಣು ಕತ್ತಲಾಗುವುದು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ಹಿಡಿಯದೆ ನಿಲ್ಲಲಾಗದಷ್ಟು ಓಲುವುದು ಪಾರ್ಶ್ವವಾಯುವಿನ ಗುರುತುಗಳು. ಆಗ ಗಂಟೆಗಳ ಲೆಕ್ಕ, ಓಡಬೇಕು. ಕೆಲಸ ಮಾಡುವಾಗ, ಮೆಟ್ಟಿಲು ಹತ್ತುವಾಗ ಪ್ರಜ್ಞೆ ತಪ್ಪಿ ಬಿದ್ದರೆ ಹೃದಯ ನೋಡಲೇಬೇಕು. ಕಿವಿಯ ಸದ್ದು ನಾಡಿಯ ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರೂ ಪರೀಕ್ಷೆ ಆಗಬೇಕು. ಇವು ಯಾವುವೂ ಇಲ್ಲದೆ, ಎರಡೂ ಕಣ್ಣು ಎರಡೂ ಕಿವಿಗೆ ಒಟ್ಟಿಗೆ, ಗಾಬರಿಯೊಂದಿಗೆ ಬಂದು ಗಾಬರಿಯೊಂದಿಗೆ ಹೋಗುವುದನ್ನು ಮಾತ್ರ ನಾನು ಇಷ್ಟು ಹೊತ್ತು ಹೇಳಿದ್ದು. ಕೇಳದೆ, ಮುಟ್ಟದೆ ಟೆನ್ಷನ್ ಎಂದವರಿಗೆ ಇವೆರಡರ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಇದು ಯಾವುದೋ ಬಡ, ಹಿಂದುಳಿದ ನಾಡಿನ ಮಾತಲ್ಲ. ತಾಲ್ಲೂಕು ಮಟ್ಟದ ವೈದ್ಯರೇ ಮಾನಸಿಕ ಆರೋಗ್ಯ ನೋಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇಷ್ಟಿದ್ದೂ ತಲೆಸುತ್ತಿಗೆ ನಾವು ಕೊಡುವುದು ಆರು ಚಮಚ ಸಕ್ಕರೆಯೇ?

ನನ್ನ ಜೊತೆಯ ವೈದ್ಯರಲ್ಲಿ ಕೇಳುವುದಿಷ್ಟೆ. ಗಾಬರಿಯ ತಲೆಸುತ್ತಿಗೆ ಡ್ರಿಪ್ ಹಾಕುವುದನ್ನು ನಿಲ್ಲಿಸಿ, ಕತ್ತಿನ ಪಟ್ಟಿ ಬಿಚ್ಚಿಸಿ, ತಲೆಸುತ್ತಿನ ಮಾತ್ರೆಯ ಮುಂದೆ ನಿಲ್ಲಿಸುವ ತಾರೀಕು ಬರೆಯಿರಿ. "ಏನೂ ಇಲ್ಲ" ಎಂಬ ಮಾತನ್ನು ಬಾಯಿಂದ ತೆಗೆದು, ಏನು ಆಗುತ್ತಿದೆ ಎಂಬುದನ್ನು ಐದು ನಿಮಿಷ ಕೂತು ಹೇಳಿ. ಮನೆಯವರೇ, ನೀವು ಕರೆದುಕೊಂಡು ಹೋದಾಗ ಬಾಯಿಬಿಟ್ಟು ಕೇಳಿ: ತಲೆ ತಿರುಗಿಸಿ ಮಲಗಿಸಿ ನೋಡಿದಿರಾ? ನಿಲ್ಲಿಸಿ ಬಿಪಿ ಅಳೆದಿರಾ? ಈ ಮಾತ್ರೆ ಎಷ್ಟು ದಿನ? ಉತ್ತರ ಬರುವವರೆಗೆ ಕುರ್ಚಿಯಿಂದ ಏಳಬೇಡಿ.